ಸವಣೂರಿನ ಟಿಸಿ ಯಾಕೆ ಸುಡುತ್ತೆ? 1893ರ ಒಂದು ಗಣಿತದಿಂದ ಇವತ್ತಿನ ಕಂಡೆನ್ಸರ್ ತನಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಕಥೆ ಹಾವೇರಿ ಜಿಲ್ಲೆಯ ಸವಣೂರಿನಿಂದ ಶುರುವಾಗುತ್ತೆ. ಸವಣೂರು ಅಂದ ತಕ್ಷಣ ಕೆಲವರಿಗೆ ನವಾಬರು ನೆನಪಾಗ್ತಾರೆ, ಕೆಲವರಿಗೆ ಖಾರ, ಇನ್ನು ಊಟ ಮುಗಿಸಿ ಕೂತವರಿಗೆ ವೀಳ್ಯದೆಲೆ. ಎಲೆಬಳ್ಳಿ ಬಾಯಾರಿಕೆ ತಡೆಯೋ ಬೆಳೆ ಅಲ್ಲ. ಬೇಸಿಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದ್ರೆ ಬಳ್ಳಿ ಬಾಡುತ್ತೆ. ಹಾಗಾಗಿ ತೋಟದ ಜೀವ ಇರೋದು ಬೋರ್‌ವೆಲ್ಲಿನಲ್ಲಿ. ಬೋರ್‌ವೆಲ್ಲಿನ ಜೀವ ಇರೋದು ಹೊಲದ ಬದುವಿನ ಮೇಲೆ ಎರಡು ಕಂಬಗಳ ನಡುವೆ ಕೂತಿರೋ ಆ ಟ್ರಾನ್ಸ್‌ಫಾರ್ಮರ್‌ನಲ್ಲಿ. ನಮ್ಮ ಕಡೆ ಅದಕ್ಕೆ ಎಲ್ಲರೂ ಟಿಸಿ ಅಂತಾರೆ.

ಬೇಸಿಗೆ ಬಂತು ಅಂದ್ರೆ ಹಳ್ಳಿಗಳಲ್ಲಿ ಕೇಳಿ ಬರೋ ಮಾತು ಒಂದೇ: ಟಿಸಿ ಸುಟ್ಟೈತಿ. ಹೊಸದು ಬರೋ ತನಕ ತೋಟಕ್ಕೆ ನೀರಿಲ್ಲ. ಯಾಕೆ ಸುಡ್ತು ಅಂತ ಕೇಳಿದ್ರೆ ಉತ್ತರ ರೆಡಿ ಇರುತ್ತೆ: ಲೋಡ್ ಜಾಸ್ತಿ ಆತ್ರೀ. ಈ ಉತ್ತರ ಸರಿ, ಆದ್ರೆ ಅರ್ಧ ಮಾತ್ರ ಸರಿ. ಆ ಲೋಡಿನಲ್ಲಿ ಒಂದು ಭಾಗ ನೀರು ಎತ್ತುತ್ತೆ. ಇನ್ನೊಂದು ಭಾಗ ಒಂದು ಹನಿ ನೀರನ್ನೂ ಎತ್ತೋದಿಲ್ಲ, ತಂತಿಯಲ್ಲಿ ಸುಮ್ಮನೆ ಹೋಗಿ ಬರುತ್ತೆ. ಹೀಗೆ ಹೋಗಿ ಬರೋ ಕರೆಂಟನ್ನ ಲೆಕ್ಕ ಹಾಕೋದು ಹೇಗೆ ಅಂತ ಜಗತ್ತು ಕಲಿತದ್ದು 1890ರ ದಶಕದಲ್ಲಿ. ಆ ಲೆಕ್ಕವೇ ಇವತ್ತಿನ ಸಂಚಿಕೆ.

ಶಿವನಸಮುದ್ರದಿಂದ ಹೊರಟ ಅಲೆ

ಮೊದಲು ಸ್ವಲ್ಪ ಹಿಂದೆ ಹೋಗೋಣ, 1902ಕ್ಕೆ. ಆಗ ಸವಣೂರು ಮೈಸೂರಿನ ಭಾಗ ಅಲ್ಲ, ನವಾಬರ ಪುಟ್ಟ ಸಂಸ್ಥಾನ. ಅತ್ತ ಮೈಸೂರು ಸಂಸ್ಥಾನದಲ್ಲಿ ಆ ವರ್ಷದ ಜೂನ್‌ನಲ್ಲಿ ಒಂದು ದೊಡ್ಡ ಕೆಲಸ ಆಯ್ತು. ಶಿವನಸಮುದ್ರದ ಬಳಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತು. ದೂರ 92 ಮೈಲಿ, ಅಂದ್ರೆ ಸುಮಾರು 148 ಕಿಲೋಮೀಟರ್. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತ ಯೋಜನೆ ಇದು. ಎಂಜಿನಿಯರ್ ಜೋಲಿ ದೆ ಲಾಟ್ಬಿನಿಯೆ ಇದನ್ನ ಹೊತ್ತು ನಡೆಸಿದರು. ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾದ ಮೂರು ವರ್ಷಕ್ಕೆ, 1905ರಲ್ಲಿ.

ಅಷ್ಟು ದೂರ ವಿದ್ಯುತ್ ಸಾಗಿಸೋಕೆ ಆಗ ಇದ್ದ ದಾರಿ ಎಸಿ, ಅಂದ್ರೆ ದಿಕ್ಕು ಬದಲಿಸುತ್ತಲೇ ಇರೋ ಕರೆಂಟ್. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜನ್ನ ಸಾವಿರಾರು ವೋಲ್ಟ್‌ಗೆ ಏರಿಸಬಹುದು. ವೋಲ್ಟೇಜ್ ಏರಿದಷ್ಟೂ ಅದೇ ಕೆಲಸಕ್ಕೆ ಕರೆಂಟ್ ಕಡಿಮೆ ಸಾಕು, ತಂತಿ ಬಿಸಿಯಾಗೋದೂ ಕಡಿಮೆ. ಕೋಲಾರದ ಲೈನ್ ಶುರುವಾದದ್ದು 30,000 ವೋಲ್ಟ್‌ನಲ್ಲಿ. ಆ ಕಾಲಕ್ಕೆ ಜಗತ್ತಿನ ಉದ್ದನೆಯ ಲೈನ್‌ಗಳಲ್ಲಿ ಅದೂ ಒಂದು.

ಆದ್ರೆ ಎಸಿ ತನ್ನ ಜೊತೆಗೆ ಒಂದು ತಲೆನೋವನ್ನೂ ತಂತು. ಡಿಸಿಯಲ್ಲಿ ವೋಲ್ಟೇಜನ್ನ ಕರೆಂಟಿಂದ ಗುಣಿಸಿದ್ರೆ ಪವರ್ ಸಿಕ್ತು, ಮುಗೀತು. ಎಸಿಯಲ್ಲಿ ಹಾಗಲ್ಲ. ವೋಲ್ಟೇಜ್ ಅಲೆಯ ಹಾಗೆ ಏರುತ್ತೆ, ಇಳಿಯುತ್ತೆ. ಕರೆಂಟೂ ಹಾಗೇ. ಆದ್ರೆ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಲೇಬೇಕು ಅಂತ ಏನಿಲ್ಲ. ಒಂದು ಮುಂದೆ, ಇನ್ನೊಂದು ಹಿಂದೆ ಇರಬಹುದು.

ಮೂರು ಸಾಮಾನು, ಮೂರು ಸ್ವಭಾವ

ಇವತ್ತು ನಮ್ಮ ಮನೆಗೆ ಬರೋ ಕರೆಂಟ್ ಸೆಕೆಂಡಿಗೆ 50 ಸುತ್ತಿನದು. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಾಲು ಸುತ್ತು ಅಂದ್ರೆ 5 ಮಿಲಿಸೆಕೆಂಡ್. ಈ ಕಾಲು ಸುತ್ತನ್ನ ನೆನಪಿಟ್ಕೊಳ್ಳಿ, ಪೂರ್ತಿ ಕಥೆ ನಿಂತಿರೋದು ಅದರ ಮೇಲೆ.

ನೀರು ಕಾಯಿಸೋ ಹೀಟರ್ ಕಾಯಿಲ್ ತಗೊಳ್ಳಿ. ಅದು ರೆಸಿಸ್ಟರ್. ವೋಲ್ಟೇಜ್ ಏರಿದ ಕ್ಷಣವೇ ಕರೆಂಟೂ ಏರುತ್ತೆ, ಇಳಿದಾಗ ಇಳಿಯುತ್ತೆ. ತಡ ಅನ್ನೋದೇ ಇಲ್ಲ. ಬಂದ ಶಕ್ತಿ ಎಲ್ಲ ಬಿಸಿಯಾಗಿ ಖರ್ಚಾಗುತ್ತೆ.

ಈಗ ಕಬ್ಬಿಣದ ಮೇಲೆ ಸುತ್ತಿದ ತಾಮ್ರದ ತಂತಿ ತಗೊಳ್ಳಿ. ಇದು ಇಂಡಕ್ಟರ್. ಇದರಲ್ಲಿ ಕರೆಂಟ್ ಹರಿದ್ರೆ ಅಯಸ್ಕಾಂತ ಕ್ಷೇತ್ರ ಹುಟ್ಟುತ್ತೆ. ಕರೆಂಟ್ ಬದಲಾಗೋದನ್ನ ಆ ಕ್ಷೇತ್ರ ವಿರೋಧಿಸುತ್ತೆ. ಹಾಗಾಗಿ ವೋಲ್ಟೇಜ್ ತುದಿ ಮುಟ್ಟಿದ ಮೇಲೆ ಕರೆಂಟ್ ತುದಿ ಮುಟ್ಟೋಕೆ ಇನ್ನೂ ಕಾಲು ಸುತ್ತು ಬೇಕು. ಅಂದ್ರೆ ಕರೆಂಟ್ 5 ಮಿಲಿಸೆಕೆಂಡ್ ತಡ.

ಮೂರನೇದು ಕೆಪಾಸಿಟರ್. ನಮ್ಮ ರೈತರ ಬಾಯಲ್ಲಿ, ಅಂಗಡಿಯಲ್ಲಿ ಅದು ಕಂಡೆನ್ಸರ್. ಇದು ಇಂಡಕ್ಟರ್‌ಗೆ ಪೂರ್ತಿ ಉಲ್ಟಾ. ಮೊದಲು ಕರೆಂಟ್ ನುಗ್ಗಿ ಚಾರ್ಜ್ ತುಂಬಬೇಕು, ಆಮೇಲೆ ವೋಲ್ಟೇಜ್ ಏರೋದು. ಇಲ್ಲಿ ಕರೆಂಟ್ ಕಾಲು ಸುತ್ತು ಮುಂದೆ.

ಮುಖ್ಯ ವಿಷಯ ಇದು: ಇಂಡಕ್ಟರ್ ಆಗಲಿ ಕೆಪಾಸಿಟರ್ ಆಗಲಿ ಶಕ್ತಿಯನ್ನ ತಿಂದು ಹಾಕೋದಿಲ್ಲ. ಕಾಲು ಸುತ್ತು ತಗೊಳ್ತವೆ, ಮುಂದಿನ ಕಾಲು ಸುತ್ತಿನಲ್ಲಿ ವಾಪಸ್ ಕೊಡ್ತವೆ. ಒಂಥರಾ ಕೈಗಡ. ಬಡ್ಡಿ ಇಲ್ಲ, ಮೋಸ ಇಲ್ಲ. ಆದ್ರೆ ಕೈಗಡ ಕೊಡೋ ಮನುಷ್ಯ ಹುಬ್ಬಳ್ಳಿಯಲ್ಲಿದ್ದು, ತಗೊಳ್ಳೋನು ಸವಣೂರಿನಲ್ಲಿದ್ರೆ? ಪ್ರತಿ ಸಲ ಹೋಗಿ ಬರೋ ಬಸ್ ಚಾರ್ಜ್ ಯಾರು ಕೊಡ್ಬೇಕು? ವಿದ್ಯುತ್ತಿನಲ್ಲಿ ಆ ಬಸ್ ಚಾರ್ಜ್ ಅಂದ್ರೆ ತಂತಿಯ ಬಿಸಿ, ಟಿಸಿಯ ಬಿಸಿ.

ಅಲೆಯನ್ನ ಬಾಣ ಮಾಡಿದ ಮನುಷ್ಯ

1880ರ ದಶಕದ ಎಂಜಿನಿಯರುಗಳಿಗೆ ಇದೆಲ್ಲ ಗೊತ್ತಿತ್ತು. ಕಷ್ಟ ಇದ್ದದ್ದು ಲೆಕ್ಕದಲ್ಲಿ. ರೆಸಿಸ್ಟರ್, ಕಾಯಿಲ್, ಕೆಪಾಸಿಟರ್ ಸೇರಿದ ಒಂದು ಸರ್ಕ್ಯೂಟಿಗೆ ಕ್ಯಾಲ್ಕುಲಸ್ ಸಮೀಕರಣ ಬರೆದು ಬಿಡಿಸಬೇಕಿತ್ತು. ಸರ್ಕ್ಯೂಟ್ ಸ್ವಲ್ಪ ದೊಡ್ಡದಾದ್ರೆ ಹಾಳೆಗಟ್ಟಲೆ ಲೆಕ್ಕ. 1886ರಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಎಸಿಗೆ ಸಿಗೋ ಒಟ್ಟು ಅಡ್ಡಿಗೆ 'ಇಂಪಿಡೆನ್ಸ್' ಅಂತ ಹೆಸರು ಕೊಟ್ರು. 1893ರಲ್ಲಿ ಅಮೆರಿಕದಲ್ಲಿ ಆರ್ಥರ್ ಕೆನೆಲಿ ಆ ಇಂಪಿಡೆನ್ಸನ್ನ ಕಾಂಪ್ಲೆಕ್ಸ್ ಸಂಖ್ಯೆಯಾಗಿ ಬರೆದು ತೋರಿಸಿದ್ರು. ಅದೇ ವರ್ಷ ಷಿಕಾಗೋದಲ್ಲಿ ನಡೆದ ವಿದ್ಯುತ್ ಸಮ್ಮೇಳನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅನ್ನೋ 28 ವರ್ಷದ ಯುವಕ ಎಸಿಯ ಲೆಕ್ಕವನ್ನೆಲ್ಲ ಇದೇ ದಾರಿಗೆ ತರೋ ಪ್ರಬಂಧ ಮಂಡಿಸಿದ್ರು.

ಸ್ಟೈನ್‌ಮೆಟ್ಜ್ ಹುಟ್ಟಿದ್ದು 1865ರಲ್ಲಿ, ಆಗ ಜರ್ಮನಿ ಕಡೆಯದಾಗಿದ್ದ ಬ್ರೆಸ್ಲಾವ್ ಊರಲ್ಲಿ. ಬೆನ್ನು ಬಾಗಿತ್ತು, ಆಳು ಬಹಳ ಕುಳ್ಳ. ಸಮಾಜವಾದಿ ಬರಹಗಳ ಕಾರಣ ಪೊಲೀಸರ ಕಣ್ಣಿಗೆ ಬಿದ್ದು 1888ರಲ್ಲಿ ಊರು ಬಿಟ್ಟರು, ಮರುವರ್ಷ ಅಮೆರಿಕ ಸೇರಿದರು. ಅವರು ಕೆಲಸ ಮಾಡ್ತಿದ್ದ ಕಂಪನಿಯನ್ನ ಜನರಲ್ ಎಲೆಕ್ಟ್ರಿಕ್ ಕೊಂಡುಕೊಂಡಿತು, ಇವರೂ ಅಲ್ಲಿಗೆ ಹೋದ್ರು. ಹೌದು, ಮುಂದೆ ಶಿವನಸಮುದ್ರಕ್ಕೆ ಯಂತ್ರ ಕಳಿಸಿದ ಕಂಪನಿಯೇ.

ಅವರ ಉಪಾಯ ಏನು? ನಿಮ್ಮ ಫೋನನ್ನೇ ತಗೊಳ್ಳಿ. ತಿರುಗೋ ಫ್ಯಾನಿನ ವಿಡಿಯೋ ಮಾಡಿದಾಗ ಕೆಲವು ಸಲ ರೆಕ್ಕೆಗಳು ನಿಂತೇ ಇವೆ ಅನ್ನೋ ಹಾಗೆ ಕಾಣುತ್ತಲ್ಲ? ಕ್ಯಾಮೆರಾದ ಲಯ ಫ್ಯಾನಿನ ಲಯಕ್ಕೆ ಕೂಡಿ ಬಂದಾಗ ಹಾಗಾಗುತ್ತೆ. ಫ್ಯಾನ್ ತಿರುಗ್ತಾನೇ ಇದೆ, ಆದ್ರೆ ರೆಕ್ಕೆ ರೆಕ್ಕೆಯ ನಡುವಿನ ಕೋನ ಮಾತ್ರ ಸ್ಪಷ್ಟವಾಗಿ ಕಾಣುತ್ತೆ.

ಎಸಿ ಅಲೆಯೂ ಒಂದು ತಿರುಗೋ ಬಾಣದ ನೆರಳು ಅಂದ್ಕೊಳ್ಳಿ. ಚಕ್ಕಡಿ ಗಾಲಿಯ ಅಂಚಿಗೆ ಒಂದು ಕೆಂಪು ಬಟ್ಟೆ ಕಟ್ಟಿ ತಿರುಗಿಸಿದ್ರೆ ಬಟ್ಟೆಯ ಎತ್ತರ ಏರುತ್ತೆ, ಇಳಿಯುತ್ತೆ. ಆ ಏರಿಳಿತವೇ ಸೈನ್ ಅಲೆ. ವೋಲ್ಟೇಜಿಗೆ ಒಂದು ಬಾಣ, ಕರೆಂಟಿಗೆ ಒಂದು ಬಾಣ. ಎರಡೂ ಸೆಕೆಂಡಿಗೆ 50 ಸುತ್ತು ತಿರುಗ್ತಿವೆ. ಒಂದೇ ವೇಗ ಆದ್ದರಿಂದ ಅವುಗಳ ನಡುವಿನ ಕೋನ ಬದಲಾಗೋದೇ ಇಲ್ಲ. ಹಾಗಿದ್ರೆ ತಿರುಗೋದನ್ನ ಮರೆತುಬಿಡಿ, ಫೋಟೋ ತೆಗೆದ ಹಾಗೆ ಬಾಣಗಳನ್ನ ನಿಲ್ಲಿಸಿ. ಉಳಿಯೋದು ಎರಡೇ ವಿಷಯ: ಬಾಣದ ಉದ್ದ, ಬಾಣದ ಕೋನ. ಈ ನಿಂತ ಬಾಣವೇ ಫೇಸರ್.

ಕಾಂಪ್ಲೆಕ್ಸ್ ಸಂಖ್ಯೆ ಬರೋದು ಇಲ್ಲಿ. ಪಿಯುಸಿಯಲ್ಲಿ ಮೈನಸ್ ಒಂದರ ವರ್ಗಮೂಲ ಅಂತ ಓದಿದ್ದು ನೆನಪಿದೆಯಾ? ಎಂಜಿನಿಯರುಗಳು ಅದನ್ನ j ಅಂತ ಬರೀತಾರೆ. ಅದರಿಂದ ಗುಣಿಸಿದ್ರೆ ಬಾಣ ಕಾಲು ಸುತ್ತು ತಿರುಗುತ್ತೆ, ಅಷ್ಟೇ. ಎರಡು ಸಲ ಗುಣಿಸಿದ್ರೆ ಅರ್ಧ ಸುತ್ತು, ಅಂದ್ರೆ ಬಾಣ ತಲೆಕೆಳಗು, ಅದೇ ಮೈನಸ್. ನಮ್ಮ ಮೂರು ಸಾಮಾನುಗಳ ಸ್ವಭಾವ ಈಗ ಮೂರೇ ಸಾಲು:

```
R:  Z = R
L:  Z = jωL
C:  Z = 1/(jωC)
```

ಇಲ್ಲಿ ω ಅಂದ್ರೆ ತಿರುಗೋ ವೇಗ. 50 ಸುತ್ತಿಗೆ ಅದು ಸುಮಾರು 314. ಕಾಯಿಲ್‌ನ ಅಡ್ಡಿ ವೇಗ ಹೆಚ್ಚಾದಷ್ಟೂ ಹೆಚ್ಚುತ್ತೆ, ಕೆಪಾಸಿಟರ್‌ನ ಅಡ್ಡಿ ಕಡಿಮೆ ಆಗುತ್ತೆ. ಕೋಲಾರದ ಲೈನ್ ಸೆಕೆಂಡಿಗೆ 25 ಸುತ್ತಿನದಾಗಿತ್ತು. ತಂತಿಯೂ ಒಂದು ಮಟ್ಟಿಗೆ ಕಾಯಿಲ್‌ನ ಹಾಗೆಯೇ ನಡ್ಕೊಳ್ಳುತ್ತೆ. ಅದೇ ಲೈನನ್ನ 50 ಸುತ್ತಿನಲ್ಲಿ ನಡೆಸಿದ್ರೆ ಆ ಅಡ್ಡಿ ಎರಡರಷ್ಟು ಆಗ್ತಿತ್ತು.

ಸಮೀಕರಣ ಬಿಡಿಸೋ ಜಾಗಕ್ಕೆ ಈಗ ಕೂಡೋದು, ಗುಣಿಸೋದು ಬಂತು. ಓಮ್‌ನ ನಿಯಮ ಮತ್ತೆ ಕೆಲಸಕ್ಕೆ ಬಂತು. ಆದ್ರೆ ಒಂದು ಷರತ್ತು ಇದೆ. ಎಲ್ಲ ಒಂದೇ ವೇಗದಲ್ಲಿ ತಿರುಗ್ತಿರಬೇಕು, ಶುರುವಿನ ಗದ್ದಲ ಮುಗಿದು ಸರ್ಕ್ಯೂಟ್ ಹದಕ್ಕೆ ಬಂದಿರಬೇಕು. ಸ್ಟಾರ್ಟರ್ ಒತ್ತಿದ ಮೊದಲ ಕ್ಷಣಗಳಲ್ಲಿ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಆ ನೂಕುನುಗ್ಗಲಿಗೆ ಈ ನಿಂತ ಬಾಣದ ಚಿತ್ರ ಸಾಲದು. ನೀರು ಒಂದೇ ಸಮ ಬರೋಕೆ ಶುರುವಾದ ಮೇಲಿನ ಲೆಕ್ಕ ಇದು.

ಐದು ಎಚ್‌ಪಿ ಪಂಪ್‌ಸೆಟ್ಟಿನ ಲೆಕ್ಕ

ಈಗ ಸವಣೂರಿಗೆ ವಾಪಸ್ ಬರೋಣ. ಒಂದು ಎಲೆ ತೋಟ, ಐದು ಎಚ್‌ಪಿ ಪಂಪ್‌ಸೆಟ್ ಅಂದ್ಕೊಳ್ಳಿ. ಮೂರು ಫೇಸ್, 415 ವೋಲ್ಟ್. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಅದು ನಿಜವಾಗಿ ಎಳೆಯೋ ಪವರ್ 4 ಕಿಲೋವ್ಯಾಟ್ ಅಂತ ಇಟ್ಕೊಳ್ಳೋಣ.

ಮೋಟಾರಿನೊಳಗೆ ಎರಡು ಕೆಲಸ ನಡೀತಿರುತ್ತೆ. ಒಂದು, ನೀರು ಎತ್ತೋದು. ಅದಕ್ಕೆ ಬೇಕಾದ ಕರೆಂಟ್ ವೋಲ್ಟೇಜಿನ ಜೊತೆಗೇ ನಡೆಯುತ್ತೆ. ಎರಡು, ರೋಟರ್ ತಿರುಗೋಕೆ ಅಯಸ್ಕಾಂತ ಕ್ಷೇತ್ರ ಕಟ್ಟೋದು. ಇದು ಕಾಯಿಲ್‌ನ ಕೆಲಸ, ಹಾಗಾಗಿ ಈ ಕರೆಂಟ್ ಕಾಲು ಸುತ್ತು ತಡ. ಒಂದೊಂದು ಫೇಸನ್ನ ಬೇರೆ ಬೇರೆ ನೋಡಿದ್ರೆ ಇದೇ ಆ ಕೈಗಡ. ಕ್ಷೇತ್ರ ಇಲ್ಲದೆ ಮೋಟಾರ್ ತಿರುಗೋದಿಲ್ಲ, ಆದ್ರೆ ಕ್ಷೇತ್ರ ತಾನೇ ನೀರು ಎತ್ತೋದಿಲ್ಲ.

ನಮ್ಮ ಮೋಟಾರಿನಲ್ಲಿ ಕೆಲಸದ ಕರೆಂಟ್ ಸುಮಾರು 5.6 ಆಂಪಿಯರ್, ಕೈಗಡದ ಕರೆಂಟ್ ಸುಮಾರು 4.2 ಆಂಪಿಯರ್ ಅನ್ನೋಣ. ಹಾಗಿದ್ರೆ ತಂತಿಯಲ್ಲಿ ಹರಿಯೋದು 9.8 ಆಂಪಿಯರಾ? ಅಲ್ಲ. ಎರಡೂ ಬಾಣಗಳ ನಡುವೆ ಕಾಲು ಸುತ್ತಿನ ಕೋನ ಇದೆ. ಒಂದು ಅಡ್ಡ, ಒಂದು ಲಂಬ. ಕೂಡಿಸಿದ್ರೆ ಬರೋದು ತ್ರಿಕೋನದ ಓರೆ ಬದಿ, ಅಂದ್ರೆ 7 ಆಂಪಿಯರ್. ಕ್ಲ್ಯಾಂಪ್ ಮೀಟರ್ ಹಾಕಿದ್ರೆ ಕಾಣೋದು ಈ 7.

ಇದನ್ನೇ ಪವರ್ ಲೆಕ್ಕದಲ್ಲಿ ನೋಡಿದ್ರೆ ಶಾಲೆಯಲ್ಲಿ ಓದಿದ 3, 4, 5ರ ತ್ರಿಕೋನ ಸಿಗುತ್ತೆ. ಕೆಲಸದ ಪವರ್ 4 ಕಿಲೋವ್ಯಾಟ್. ಕೈಗಡದ ಪವರ್ 3, ಅದರ ಅಳತೆ ಕೆವಿಎಆರ್. ಲೈನ್ ಮತ್ತು ಟಿಸಿ ಹೊರಬೇಕಾದ ಒಟ್ಟು ಹೊರೆ 5, ಅದರ ಅಳತೆ ಕೆವಿಎ. ನಾಲ್ಕನ್ನ ಐದರಿಂದ ಭಾಗಿಸಿದ್ರೆ 0.8. ಇದೇ ಪವರ್ ಫ್ಯಾಕ್ಟರ್. ಹೊತ್ತ ಹೊರೆಯಲ್ಲಿ ಎಷ್ಟು ಪಾಲು ಕೆಲಸಕ್ಕೆ ಬಂತು ಅನ್ನೋ ಲೆಕ್ಕ ಅದು.

ಇಂಪಿಡೆನ್ಸ್ ಕಡೆಯಿಂದಲೂ ಒಮ್ಮೆ ನೋಡಿಬಿಡಿ. ಒಂದು ಫೇಸಿಗೆ ಸುಮಾರು 240 ವೋಲ್ಟ್, 7 ಆಂಪಿಯರ್. ಅಂದ್ರೆ ಇಂಪಿಡೆನ್ಸ್ ಸುಮಾರು 34 ಓಮ್. ಇದರಲ್ಲಿ ರೆಸಿಸ್ಟರ್ ಥರ ನಡೆಯೋ ಭಾಗ 27 ಚಿಲ್ಲರೆ, ಕಾಯಿಲ್ ಥರ ನಡೆಯೋ ಭಾಗ 20 ಚಿಲ್ಲರೆ. ಇಲ್ಲೂ ಅದೇ ತ್ರಿಕೋನ. ಆದ್ರೆ ಆ 27 ಓಮನ್ನ ನೀವು ಟೆಸ್ಟರ್ ಹಿಡಿದು ವೈಂಡಿಂಗ್‌ನಲ್ಲಿ ಅಳೆಯೋಕೆ ಆಗಲ್ಲ. ಅದರಲ್ಲಿ ಹೆಚ್ಚಿನ ಪಾಲು ತಾಮ್ರದ್ದಲ್ಲ, ಮೋಟಾರ್ ತಿರುಗ್ತಾ ಎತ್ತುತ್ತಿರೋ ನೀರಿನ ಭಾರ ಕರೆಂಟಿಗೆ ಕಾಣೋ ರೀತಿ ಅದು.

ಪಕ್ಕದ ಮನೆಯ ಕೈಗಡ

ಈಗ ಕಂಡೆನ್ಸರ್ ಬರಲಿ. ಕಾಯಿಲ್‌ನ ಕರೆಂಟ್ ಕಾಲು ಸುತ್ತು ತಡ, ಕೆಪಾಸಿಟರ್‌ನದು ಕಾಲು ಸುತ್ತು ಮುಂದೆ. ಎರಡು ಬಾಣಗಳು ಎದುರು ಬದುರು. ಕಾಯಿಲ್ ಕೈಗಡ ಕೇಳೋ ಕ್ಷಣದಲ್ಲೇ ಕೆಪಾಸಿಟರ್ ಕೊಡುತ್ತೆ, ಕಾಯಿಲ್ ವಾಪಸ್ ಕೊಡುವಾಗ ಕೆಪಾಸಿಟರ್ ತಗೊಳ್ಳುತ್ತೆ. ಕೈಗಡದ ವ್ಯವಹಾರ ಪಕ್ಕದ ಮನೆಯಲ್ಲೇ ಮುಗೀತು, ಹುಬ್ಬಳ್ಳಿ ಬಸ್ ಹತ್ತೋ ಕೆಲಸ ಕಡಿಮೆ ಆಯ್ತು.

ಶುರುವಿನ ಕಾಲದಲ್ಲಿ ಈ ಕೆಲಸಕ್ಕೆ ಇಷ್ಟು ಸಣ್ಣ ಡಬ್ಬಿ ಇರಲಿಲ್ಲ. ದೊಡ್ಡ ಸಿಂಕ್ರೊನಸ್ ಮೋಟಾರನ್ನ ಯಾವ ಭಾರವೂ ಇಲ್ಲದೆ ತಿರುಗಿಸಿ, ಅದರ ಫೀಲ್ಡ್ ಕರೆಂಟನ್ನ ಬೇಕಂತಲೇ ಏರಿಸಿ, ಕೆಪಾಸಿಟರ್ ಹಾಗೆ ನಡೆಸ್ತಿದ್ರು. ಇವತ್ತು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳನೆ ಲೋಹ ಬಳಿದು ಸುತ್ತಿದ ಪುಟ್ಟ ಡಬ್ಬಿ ಸಾಕು.

ಐದು ಎಚ್‌ಪಿಗೆ ಸಾಮಾನ್ಯವಾಗಿ ಹಾಕೋದು 2 ಕೆವಿಎಆರ್ ಕಂಡೆನ್ಸರ್. ಒಳಗೆ ಮೂರು ಭಾಗ, ಡೆಲ್ಟಾದಲ್ಲಿ ಜೋಡಿಸಿರ್ತಾರೆ, ಒಂದೊಂದು ಸುಮಾರು 12 ಮೈಕ್ರೋಫ್ಯಾರಡ್. ಅದು ಲೈನಿನಿಂದ ಎಳೆಯೋ ಕರೆಂಟ್ 2.8 ಆಂಪಿಯರ್. ನಮ್ಮ 4.2ರಲ್ಲಿ ಇದನ್ನ ಕಳೆಯಿರಿ, ಉಳಿದದ್ದು 1.4. ಕೆಲಸದ ಕರೆಂಟ್ 5.6 ಹಾಗೇ ಇದೆ. ತ್ರಿಕೋನದ ಓರೆ ಬದಿ ಈಗ ಸುಮಾರು 5.7 ಆಂಪಿಯರ್. ಪವರ್ ಫ್ಯಾಕ್ಟರ್ 0.8 ಇದ್ದದ್ದು 0.97 ಆಯ್ತು.

7ರಿಂದ 5.7 ಅಂದ್ರೆ ದೊಡ್ಡ ಇಳಿಕೆ ಅನ್ಸಲ್ಲ. ಆದ್ರೆ ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಲೆಕ್ಕ ಹಾಕಿ ನೋಡಿ: ಈ ಪಂಪಿನಿಂದ ಲೈನಿನಲ್ಲಿ ಆಗ್ತಿದ್ದ ನಷ್ಟ ಸುಮಾರು ಮೂರನೇ ಒಂದು ಭಾಗ ಇಳೀತು. ನೀರು ಅಷ್ಟೇ ಬರ್ತಿದೆ.

ಹದಿನೈದು ಪಂಪು, ಒಂದು ಟಿಸಿ

ಈಗ ಟಿಸಿ ಹತ್ರ ಬನ್ನಿ. ಹಳ್ಳಿಗಳ ಕಡೆ 63 ಕೆವಿಎ ಟಿಸಿ ಮಾಮೂಲಿ. ಅದರ ಮೇಲಿರೋ ಅಳತೆ ಕಿಲೋವ್ಯಾಟ್ ಅಲ್ಲ, ಕೆವಿಎ. ಯಾಕೆ ಗೊತ್ತಾ? ಟಿಸಿಯ ತಾಮ್ರಕ್ಕೆ ಈ ಕರೆಂಟ್ ನೀರು ಎತ್ತಿತಾ, ಸುಮ್ನೆ ತಿರುಗಾಡಿ ಬಂತಾ ಅನ್ನೋ ಭೇದ ಇಲ್ಲ. ಹರಿದ್ರೆ ಬಿಸಿ, ಅಷ್ಟೇ.

ಒಂದು ಟಿಸಿ ಮೇಲೆ ನಮ್ಮಂಥ 15 ಪಂಪು ಇವೆ ಅಂದ್ಕೊಳ್ಳಿ. ಮೂರು ಫೇಸ್ ಕರೆಂಟ್ ಬರೋದು ದಿನಕ್ಕೆ ಕೆಲವೇ ತಾಸು, ಹಾಗಾಗಿ ಎಲ್ಲರ ಪಂಪೂ ಒಟ್ಟಿಗೆ ಓಡ್ತವೆ. ಕೆಲಸದ ಪವರ್ 60 ಕಿಲೋವ್ಯಾಟ್. 63ರ ಟಿಸಿಗೆ 60, ಸರಿ ಹೋಗುತ್ತಲ್ಲ ಅನ್ಸುತ್ತೆ. ಆದ್ರೆ ಕೈಗಡ 45 ಕೆವಿಎಆರ್ ಇದೆ. ಒಟ್ಟು ಹೊರೆ 75 ಕೆವಿಎ. ಟಿಸಿಯ ವೈಂಡಿಂಗ್ ಬಿಸಿ ಇರಬೇಕಾದ್ದಕ್ಕಿಂತ ಶೇಕಡಾ 40ಕ್ಕೂ ಹೆಚ್ಚು. ಮೇಲೆ ಬೇಸಿಗೆಯ ಬಿಸಿಲು. ಎಣ್ಣೆ ಕಾಯುತ್ತೆ, ಇನ್ಸುಲೇಷನ್ ಕಾಗದ ದಿನಾ ಸ್ವಲ್ಪ ಸ್ವಲ್ಪ ಸುಡುತ್ತೆ, ಒಂದು ದಿನ ಕೈ ಕೊಡುತ್ತೆ.

ಹದಿನೈದೂ ಪಂಪಿಗೆ 2 ಕೆವಿಎಆರ್ ಕಂಡೆನ್ಸರ್ ಇದ್ದಿದ್ರೆ? ಕೈಗಡ 45ರಿಂದ 15ಕ್ಕೆ ಇಳಿಯುತ್ತೆ. ಒಟ್ಟು ಹೊರೆ 62 ಕೆವಿಎ. ಅದೇ ಟಿಸಿ, ಅದೇ ಪಂಪು, ಅದೇ ನೀರು, ಆದ್ರೆ ಟಿಸಿ ಈಗ ತನ್ನ ಮಿತಿಯೊಳಗೆ ಇದೆ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಮೂರೇ ಜನ ಕಂಡೆನ್ಸರ್ ಹಾಕಿಸಿದ್ರೆ ಹೊರೆ 75ರಿಂದ ಸುಮಾರು 72ಕ್ಕೆ ಬರುತ್ತೆ, ಟಿಸಿ ಇನ್ನೂ ಅಪಾಯದಲ್ಲೇ ಇರುತ್ತೆ. 63ರ ಒಳಗೆ ಬರಬೇಕಾದ್ರೆ 15ರಲ್ಲಿ 13 ಜನ ಹಾಕಿಸಬೇಕು. ಒಬ್ಬರ ಜಾಣತನದಿಂದ ಟಿಸಿ ಉಳಿಯೋದಿಲ್ಲ.

ಯಾಕೆ ಹಾಕ್ಸಲ್ಲ?

"ಕಂಡೆನ್ಸರ್ ಹಾಕ್ಸಿದ್ರ ನಮ್ಮ ಬಿಲ್ ಏನ್ ಕಡಿಮಿ ಆಗತೈತೇನ್ರೀ?" ಅಂತ ರೈತರು ಕೇಳಿದ್ರೆ ಪ್ರಾಮಾಣಿಕ ಉತ್ತರ: ಆಗಲ್ರೀ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಬಿಲ್ ಇದ್ದಿದ್ರೂ ಮೀಟರ್ ಎಣಿಸೋದು ಕೆಲಸದ ಯೂನಿಟ್ ಮಾತ್ರ, ಕೈಗಡವನ್ನಲ್ಲ. ಫ್ಯಾಕ್ಟರಿ, ಗಿರಣಿಯವರಿಗೆ ಹಾಗಲ್ಲ. ರಾಜ್ಯದ ದರ ನಿಯಮದಲ್ಲಿ ಎಲ್‌ಟಿ ಸಂಪರ್ಕದ ಮೋಟಾರುಗಳಿಗೆ ಪವರ್ ಫ್ಯಾಕ್ಟರ್ 0.85 ಇರಬೇಕು, ಎಚ್‌ಟಿಯವರಿಗೆ 0.90. ಇಳಿದ್ರೆ ಮೀಟರ್ ಪ್ರಕಾರ ದಂಡ ಬೀಳುತ್ತೆ. ಹಾಗಾಗಿ ಫ್ಯಾಕ್ಟರಿಯಲ್ಲಿ ಕೆಪಾಸಿಟರ್ ಪ್ಯಾನಲ್ ನೋಡ್ಕೊಳ್ಳೋಕೆ ಒಬ್ಬ ಎಲೆಕ್ಟ್ರಿಷಿಯನ್ ಇರ್ತಾನೆ, ಹೊಲದಲ್ಲಿ ಹಾಳಾದ ಕಂಡೆನ್ಸರನ್ನ ಕೇಳೋರಿರಲ್ಲ.

ಆದ್ರೆ ನಷ್ಟ ಬೇರೆ ದಾರಿಯಲ್ಲಿ ರೈತನ ಮನೆಗೇ ಬರುತ್ತೆ. ಲೈನಿನ ಕೊನೆಯ ಹೊಲದಲ್ಲಿ ವೋಲ್ಟೇಜ್ 415 ಇರೋದಿಲ್ಲ, 350ಕ್ಕೂ ಇಳಿಯಬಹುದು. ವೋಲ್ಟೇಜ್ ಇಳಿದಾಗ ಅದೇ ಭಾರ ಎತ್ತೋಕೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತೆ. ಎಲ್ಲರೂ ಹೆಚ್ಚು ಎಳೆದ್ರೆ ವೋಲ್ಟೇಜ್ ಇನ್ನೂ ಇಳಿಯುತ್ತೆ. ಕೊನೆಗೆ ವೈಂಡಿಂಗ್ ಸುಡುತ್ತೆ. ಬೋರ್‌ವೆಲ್ಲಿನಿಂದ ಮೋಟಾರ್ ಮೇಲೆತ್ತಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಖರ್ಚು ಯಾವ ಬಿಲ್ಲಿನಲ್ಲೂ ಕಾಣಲ್ಲ, ಆದ್ರೆ ಜೇಬಿನಿಂದಲೇ ಹೋಗೋದು.

ಕಂಡೆನ್ಸರಿಗೂ ಮಿತಿ ಇದೆ

ಕಂಡೆನ್ಸರ್ ಮಂತ್ರದ ಪೆಟ್ಟಿಗೆ ಅಲ್ಲ. ಅದು ಕರೆಂಟ್ ಕಡಿಮೆ ಮಾಡೋದು ತಾನು ಕೂತ ಜಾಗದಿಂದ ಹಿಂದೆ, ಅಂದ್ರೆ ಟಿಸಿ ಕಡೆಗೆ ಮಾತ್ರ. ಮೇಲೆ ಪ್ಯಾನಲ್‌ನಲ್ಲಿ ಕಂಡೆನ್ಸರ್ ಇದ್ರೂ ಬೋರ್‌ವೆಲ್ಲಿನೊಳಗೆ ಇಳಿಯೋ ಕೇಬಲ್‌ನಲ್ಲಿ ಅದೇ 7 ಆಂಪಿಯರ್ ಹರಿಯುತ್ತೆ. ಮೋಟಾರಿಗೆ ಸಿಗೋ ಲಾಭ ನೇರವಾಗಿ ಅಲ್ಲ, ಲೈನಿನ ವೋಲ್ಟೇಜ್ ಸ್ವಲ್ಪ ಏರೋದರಿಂದ.

ಇದರಿಂದಲೇ ಕಂಡೆನ್ಸರ್ ಬದುಕಿದೆಯೋ ಸತ್ತಿದೆಯೋ ಅಂತ ಪರೀಕ್ಷೆ ಮಾಡೋದೂ ಸುಲಭ. ಪಂಪ್ ಓಡ್ತಿರುವಾಗ ಎಲೆಕ್ಟ್ರಿಷಿಯನ್ ಕೈಲಿ ಕ್ಲ್ಯಾಂಪ್ ಮೀಟರ್ ಹಾಕಿಸಿ. ಕಂಡೆನ್ಸರಿನ ಮೂರೂ ತಂತಿಯಲ್ಲಿ ಸುಮಾರು 2.8 ಆಂಪಿಯರ್ ಕಾಣಬೇಕು. ಒಂದರಲ್ಲಿ ಸೊನ್ನೆ ಬಂದ್ರೆ ಆ ತಂತಿಯ ಸಂಪರ್ಕ ಬಿಟ್ಟಿದೆ ಅಥವಾ ಫ್ಯೂಸ್ ಹೋಗಿದೆ. ಮೂರರಲ್ಲೂ ತೀರಾ ಕಡಿಮೆ ಇದ್ರೆ ಡಬ್ಬಿಯೇ ಸೋತಿದೆ. ಡಬ್ಬಿ ಉಬ್ಬಿದ್ರೆ ಅಳೆಯೋ ಅಗತ್ಯವೂ ಇಲ್ಲ, ಬದಲಿಸಬೇಕು.

ವೋಲ್ಟೇಜ್ ಇಳಿದಾಗ ಕಂಡೆನ್ಸರ್ ಕೂಡ ಸೋಲುತ್ತೆ. ಅದರ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 350 ವೋಲ್ಟಿನಲ್ಲಿ ನಮ್ಮ 2 ಕೆವಿಎಆರ್ ಡಬ್ಬಿ ಕೊಡೋದು ಸುಮಾರು 1.4. ಹೆಚ್ಚು ಬೇಕಾದ ಹೊತ್ತಲ್ಲೇ ಕಡಿಮೆ ಸಿಗುತ್ತೆ. ಹಾಗಂತ ದೊಡ್ಡದು ಹಾಕಿಬಿಡೋಣ ಅಂದ್ರೆ ಅದೂ ತಪ್ಪು. ಮೋಟಾರಿನ ಕ್ಷೇತ್ರಕ್ಕೆ ಬೇಕಾದ್ದಕ್ಕಿಂತ ದೊಡ್ಡ ಕಂಡೆನ್ಸರ್ ಇದ್ರೆ, ಕರೆಂಟ್ ಹೋದ ಕ್ಷಣ ಇನ್ನೂ ತಿರುಗ್ತಿರೋ ಮೋಟಾರ್ ತಾನೇ ಜನರೇಟರ್ ಆಗಿ ವೋಲ್ಟೇಜ್ ವಿಪರೀತ ಏರಬಹುದು. ಜೋಡಣೆಯೂ ಸ್ಟಾರ್ಟರ್ ದಾಟಿದ ಮೇಲೆಯೇ ಇರಬೇಕು. ಪಂಪ್ ನಿಂತ್ರೆ ಕಂಡೆನ್ಸರೂ ಲೈನಿನಿಂದ ಬಿಡಬೇಕು.

ಇನ್ನೊಂದು ಎಚ್ಚರ. ಲೈನ್ ಆಫ್ ಆದ ಮೇಲೂ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರುತ್ತೆ, 500 ವೋಲ್ಟ್ ದಾಟಿರಬಹುದು. ಅದನ್ನ ಇಳಿಸೋಕೆ ಡಬ್ಬಿಯಲ್ಲಿ ಒಂದು ರೆಸಿಸ್ಟರ್ ಇರುತ್ತೆ, ಅದು ಕೆಟ್ಟಿದ್ರೆ ಮುಟ್ಟಿದವರಿಗೆ ಬಡಿಯುತ್ತೆ. ಹಾಗಾಗಿ ಬಿಚ್ಚೋ ಕೆಲಸ ಗೊತ್ತಿದ್ದವರಿಗೇ ಬಿಡಿ.

ಹೆಸರಿನ ಗೊಂದಲವೂ ಒಂದಿದೆ. ಎರಡೇ ಫೇಸ್ ಬಂದಾಗ ಮೂರು ಫೇಸಿನ ಮೋಟಾರ್ ಓಡಿಸೋಕೆ ಕೆಲವರು ಹಾಕೋ ಡಬ್ಬಿಗೂ ಕಂಡೆನ್ಸರ್ ಅಂತಲೇ ಹೆಸರು. ಅದು ಮೂರನೇ ಫೇಸಿನ ಕೋನವನ್ನ ಕೃತಕವಾಗಿ ಹುಟ್ಟಿಸೋದು. ಅದೇ ಕಾಲು ಸುತ್ತಿನ ಗುಣ, ಆದ್ರೆ ಕೆಲಸ ಬೇರೆ. ಅದು ಇದೆ ಅಂದ ಮಾತ್ರಕ್ಕೆ ಪವರ್ ಫ್ಯಾಕ್ಟರ್ ಸರಿ ಇದೆ ಅಂತ ಅಲ್ಲ.

1893ರಲ್ಲಿ ಸ್ಟೈನ್‌ಮೆಟ್ಜ್ ಬರೆದ ಬಾಣಗಳು ಹೇಳೋದು ಇಷ್ಟೇ: ಕರೆಂಟಿಗೆ ಉದ್ದ ಮಾತ್ರ ಅಲ್ಲ, ಕೋನವೂ ಇದೆ. ಲೋಡ್ ಜಾಸ್ತಿ ಆತು ಅನ್ನುವಾಗ ನಾವು ಉದ್ದವನ್ನ ಮಾತ್ರ ನೋಡ್ತೀವಿ. ದೊಡ್ಡ ಟಿಸಿ ಕೇಳೋದು ಒಂದು ದಾರಿ. ಅದಕ್ಕೂ ಮೊದಲು ಅದೇ ಟಿಸಿಯ ಹದಿನೈದು ಜನ ಒಂದು ಸಂಜೆ ಕೂತು, ಯಾರ ಕಂಡೆನ್ಸರ್ ಬದುಕಿದೆ, ಯಾರದ್ದು ಸತ್ತಿದೆ ಅಂತ ಎಣಿಸಿದ್ರೆ, ಹದಿಮೂರು ಸಿಕ್ತಾವಾ ಅಂತ ಗೊತ್ತಾಗುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.